ಒಂದೇ ಗಡಿಯಾರ, ಎರಡು ಹೊತ್ತು

ಡಿಜಿಟಲ್ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಶಿಫ್ಟ್ ರಿಜಿಸ್ಟರ್ ಕಟ್ಟದೆ ಎಂಜಿನಿಯರಿಂಗ್ ಮುಗಿಸಿದವರು ಕಡಿಮೆ. 74HC74 ಎಂಬ ಐಸಿಯ ಒಳಗೆ ಎರಡು ಫ್ಲಿಪ್-ಫ್ಲಾಪ್‌ಗಳಿರುತ್ತವೆ. ಅಂಥ ಎರಡು ಐಸಿಗಳನ್ನು ಬ್ರೆಡ್‌ಬೋರ್ಡಿಗೆ ಚುಚ್ಚಿ, ಒಂದು ಫ್ಲಿಪ್-ಫ್ಲಾಪಿನ ಔಟ್‌ಪುಟ್ಟನ್ನು ಮುಂದಿನದರ ಇನ್‌ಪುಟ್ಟಿಗೆ ಕೊಟ್ಟು, ನಾಲ್ಕಕ್ಕೂ ಒಂದೊಂದು ಎಲ್‌ಇಡಿ ಸಿಕ್ಕಿಸಿದರೆ ಸರ್ಕ್ಯೂಟ್ ಸಿದ್ಧ. ಬಟನ್ ಒತ್ತಿದಾಗಲೆಲ್ಲ ಒಂದು ಕ್ಲಾಕ್ ಪಲ್ಸ್ ಹೋಗುತ್ತದೆ, ಬೆಳಕು ಒಂದು ಮನೆ ಮುಂದೆ ಸಾಗುತ್ತದೆ.

ಕೆಲವು ಬೋರ್ಡುಗಳಲ್ಲಿ ಹಾಗಾಗುವುದಿಲ್ಲ. ಮೊದಲ ಒತ್ತಿಗೆ ಒಂದನೇ ದೀಪ ಸರಿಯಾಗಿಯೇ ಹತ್ತುತ್ತದೆ. ಎರಡನೇ ಒತ್ತಿಗೆ ಎರಡನೆಯದೂ ಮೂರನೆಯದೂ ಒಟ್ಟಿಗೇ ಹತ್ತುತ್ತವೆ. ಮೂರನೇ ಒತ್ತಿಗೆ ಅವೆರಡೂ ಒಟ್ಟಿಗೇ ಆರಿ ನಾಲ್ಕನೆಯದು ಬೆಳಗುತ್ತದೆ. ನಾಲ್ಕು ಮನೆಯ ರಿಜಿಸ್ಟರ್ ಮೂರೇ ಮನೆಯದಾಗಿ ವರ್ತಿಸುತ್ತದೆ. ಮೊದಲ ಅನುಮಾನ ಬಟನ್ನಿನ ಮೇಲೆ ಬೀಳುವುದು ಸಹಜ; ಸ್ವಿಚ್ಚಿನ ಲೋಹ ಅದುರಿ ಒಂದು ಒತ್ತಿಗೆ ಎರಡು ಪಲ್ಸ್ ಹೋಗುವುದು ಹಳೆಯ ರೋಗ. ಆದರೆ ಆ ರೋಗದಲ್ಲಿ ಇಡೀ ವಿನ್ಯಾಸವೇ ಎರಡು ಮನೆ ಜಿಗಿಯುತ್ತದೆ. ಇಲ್ಲಿ ಎರಡನೇ ಮತ್ತು ಮೂರನೇ ದೀಪ ಮಾತ್ರ ಅಂಟಿಕೊಂಡಂತೆ ಸದಾ ಜೊತೆಯಲ್ಲೇ ಇರುತ್ತವೆ. ಅಂದರೆ ತೊಂದರೆ ಇರುವುದು ಮೊದಲ ಐಸಿಯಿಂದ ಎರಡನೇ ಐಸಿಗೆ ದಾಟುವ ಜಾಗದಲ್ಲಿ.

ಆಮೇಲೆ ಎಲ್ಲರೂ ಮಾಡುವ ಕೆಲಸ, ಕ್ಲಾಕಿನ ವೇಗ ಇಳಿಸುವುದು. ಸೆಕೆಂಡಿಗೆ ಒಂದು ಪಲ್ಸ್, ಹತ್ತು ಸೆಕೆಂಡಿಗೆ ಒಂದು ಪಲ್ಸ್, ಊಟ ಮುಗಿಸಿ ಬಂದು ಒಂದು ಪಲ್ಸ್. ಏನೂ ಬದಲಾಗುವುದಿಲ್ಲ.

ಕಾರಣ ತಿಳಿಯಲು ಫ್ಲಿಪ್-ಫ್ಲಾಪ್ ಮಾಡುವ ಕೆಲಸವನ್ನು ಒಂದು ಆಟವಾಗಿ ಕಲ್ಪಿಸಿಕೊಳ್ಳಬಹುದು. ಮಕ್ಕಳು ಸಾಲಾಗಿ ಕೂತಿದ್ದಾರೆ, ಪ್ರತಿಯೊಬ್ಬರ ಕೈಯಲ್ಲೂ ಒಂದು ಸ್ಲೇಟು, ಅದರ ಮೇಲೊಂದು ಅಂಕೆ. ಮೇಷ್ಟ್ರು ಸೀಟಿ ಊದಿದ ಕ್ಷಣ ಪ್ರತಿ ಮಗುವೂ ತನ್ನ ಎಡಗಡೆಯವರ ಸ್ಲೇಟಿನಲ್ಲಿ ಏನಿದೆಯೋ ಅದನ್ನು ನೋಡಿಕೊಂಡು ತನ್ನ ಸ್ಲೇಟನ್ನು ಅಳಿಸಿ ಬರೆಯಬೇಕು. ಎಲ್ಲರೂ ಒಟ್ಟಿಗೇ ನೋಡಿ, ಆಮೇಲೆ ಒಟ್ಟಿಗೇ ಬರೆದರೆ ಅಂಕೆಗಳ ಸಾಲು ಒಂದೊಂದೇ ಸ್ಥಾನ ಬಲಕ್ಕೆ ಸರಿಯುತ್ತದೆ. ಈಗ ಮೂರನೇ ಮಗುವಿಗೆ ಸೀಟಿ ತಡವಾಗಿ ಕೇಳಿಸಿತು ಎನ್ನಿ. ಅದು ತಲೆ ತಿರುಗಿಸುವ ಹೊತ್ತಿಗೆ ಎರಡನೇ ಮಗು ಹಳೆಯದನ್ನು ಅಳಿಸಿ ಹೊಸ ಅಂಕೆ ಬರೆದಾಗಿದೆ. ಮೂರನೆಯದು ಆ ಹೊಸ ಅಂಕೆಯನ್ನೇ ಬರೆದುಕೊಳ್ಳುತ್ತದೆ, ಹಳೆಯದು ಎಲ್ಲಿಯೂ ಉಳಿಯದೆ ಕಳೆದುಹೋಗುತ್ತದೆ. ಮೇಷ್ಟ್ರು ಎರಡು ಸೀಟಿಗಳ ನಡುವೆ ಎಷ್ಟೇ ಹೊತ್ತು ಬಿಟ್ಟರೂ ಇದು ಸರಿಹೋಗದು, ಏಕೆಂದರೆ ಎಡವಟ್ಟು ನಡೆಯುತ್ತಿರುವುದು ಒಂದೇ ಸೀಟಿಯ ಒಳಗೆ.

ಸೀಟಿ ಬೇರೆ ಬೇರೆಯವರಿಗೆ ಬೇರೆ ಬೇರೆ ಹೊತ್ತಿಗೆ ತಲುಪುವ ಈ ವ್ಯತ್ಯಾಸಕ್ಕೆ ಎಂಜಿನಿಯರುಗಳು ಕ್ಲಾಕ್ ಸ್ಕ್ಯೂ ಎನ್ನುತ್ತಾರೆ. ಕ್ಲಾಕ್ ಒಂದೇ, ಅದರ ಏರು ಅಂಚೂ ಒಂದೇ. ಆದರೆ ಡೇಟಾ ಕಳಿಸುವ ಫ್ಲಿಪ್-ಫ್ಲಾಪನ್ನು ಅದು ತಲುಪುವ ಗಳಿಗೆ ಒಂದು, ಡೇಟಾ ಹಿಡಿಯುವ ಫ್ಲಿಪ್-ಫ್ಲಾಪನ್ನು ತಲುಪುವ ಗಳಿಗೆ ಇನ್ನೊಂದು.

ಲ್ಯಾಬಿನ ಬೋರ್ಡಿನಲ್ಲಿ ಈ ವ್ಯತ್ಯಾಸ ಎಲ್ಲಿಂದ ಬಂತು? ಬಹುತೇಕ ಸಲ ವಿದ್ಯಾರ್ಥಿಯ ಜಾಣತನದಿಂದಲೇ. ಎರಡನೇ ಐಸಿಯನ್ನು ಬೇಕಾದಾಗ ನಿಲ್ಲಿಸಬೇಕೆಂದು ಅದರ ಕ್ಲಾಕ್ ತಂತಿಯನ್ನು ಒಂದು ಗೇಟಿನ ಮೂಲಕ ಹಾಯಿಸಿರುತ್ತಾರೆ. ಕೈಯಲ್ಲಿರುವುದು ನ್ಯಾಂಡ್ ಗೇಟುಗಳ 74HC00. ನ್ಯಾಂಡ್ ತಲೆಕೆಳಗು ಮಾಡಿದ್ದನ್ನು ನೆಟ್ಟಗೆ ಮಾಡಲು ಇನ್ನೊಂದು ನ್ಯಾಂಡ್ ಬೇಕು. ಐದು ವೋಲ್ಟಿನಲ್ಲಿ ಇಂಥ ಒಂದು ಗೇಟ್ ದಾಟಲು ಸಿಗ್ನಲ್ಲಿಗೆ ಸಾಮಾನ್ಯವಾಗಿ ಸುಮಾರು 7 ನ್ಯಾನೊಸೆಕೆಂಡ್ ಬೇಕು. ಎರಡು ಗೇಟಿಗೆ 14. ಮೊದಲ ಐಸಿಗೆ ಕ್ಲಾಕ್ ನೇರವಾಗಿ ಹೋಗಿದೆ, ಎರಡನೆಯದಕ್ಕೆ 14 ನ್ಯಾನೊಸೆಕೆಂಡ್ ತಡವಾಗಿ.

ಇತ್ತ ಡೇಟಾದ ಕಡೆಯ ಲೆಕ್ಕ ನೋಡೋಣ. ಕ್ಲಾಕಿನ ಅಂಚು ಬಂದಮೇಲೆ 74HC74ರ ಔಟ್‌ಪುಟ್ ಬದಲಾಗಲು ಅದೇ ಸ್ಥಿತಿಯಲ್ಲಿ ಸುಮಾರು 14 ನ್ಯಾನೊಸೆಕೆಂಡ್. ಅಂದರೆ ಹೊಸ ಡೇಟಾ ಮತ್ತು ತಡವಾದ ಕ್ಲಾಕ್ ಮೂರನೇ ಫ್ಲಿಪ್-ಫ್ಲಾಪಿನ ಬಾಗಿಲಿಗೆ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಫ್ಲಿಪ್-ಫ್ಲಾಪಿಗೆ ಅಷ್ಟು ಸಾಲದು. ಕ್ಲಾಕ್ ಬಂದ ಮೇಲೂ ಸ್ವಲ್ಪ ಹೊತ್ತು ಹಳೆಯ ಡೇಟಾ ಅಲುಗಾಡದೆ ನಿಂತಿರಬೇಕು, ಏಕೆಂದರೆ ಅದರೊಳಗಿನ ಬಾಗಿಲು ಮುಚ್ಚಿಕೊಳ್ಳಲಿಕ್ಕೂ ಸಮಯ ಬೇಕು. ಈ ಅವಧಿಗೆ ಹೋಲ್ಡ್ ಟೈಮ್ ಎಂದು ಹೆಸರು. ಕೆಲ ತಯಾರಕರ 74HC74 ಡೇಟಾಶೀಟಿನಲ್ಲಿ ಅದು 3 ನ್ಯಾನೊಸೆಕೆಂಡ್. ಹಾಗಾದರೆ ಹಳೆಯ ಡೇಟಾ 14 ಕೂಡಿಸು 3, ಅಂದರೆ 17ರವರೆಗೆ ನಿಲ್ಲಬೇಕು. ಅದು 14ಕ್ಕೇ ಹೊರಟುಹೋಗುತ್ತಿದೆ. ಮೂರು ನ್ಯಾನೊಸೆಕೆಂಡಿನ ಈ ಕೊರತೆಯೇ ಹೋಲ್ಡ್ ಉಲ್ಲಂಘನೆ.

ಕೊರತೆ ಇಷ್ಟು ಚಿಕ್ಕದಾದಾಗ ಸರ್ಕ್ಯೂಟಿನ ನಡವಳಿಕೆ ವಿಚಿತ್ರವಾಗಿರುತ್ತದೆ. ಒಂದು ಬೋರ್ಡಿನಲ್ಲಿ ಸರಿ, ಪಕ್ಕದ ಬೋರ್ಡಿನಲ್ಲಿ ತಪ್ಪು. ಐಸಿ ಬದಲಾಯಿಸಿದರೆ ಸರಿ, ಬಿಸಿಯಾದರೆ ತಪ್ಪು. ಡೇಟಾ ತಂತಿಗೆ ಆಸಿಲೊಸ್ಕೋಪಿನ ಪ್ರೋಬ್ ತಾಗಿಸಿದ ಕೂಡಲೇ ರೋಗ ಮಾಯವಾಗುವುದೂ ಉಂಟು, ಪ್ರೋಬಿನ ಕೆಪಾಸಿಟೆನ್ಸಿನಿಂದ ಡೇಟಾ ಒಂದಿಷ್ಟು ನಿಧಾನವಾಗುವ ಕಾರಣಕ್ಕೆ. ವೈದ್ಯರ ಮುಂದೆ ಮಾತ್ರ ನೋವು ಹೋಗುವ ಬಗೆ. ಅನುಭವಸ್ಥರು ಅಲ್ಲಿಗೇ ರೋಗದ ಹೆಸರು ಹೇಳಿಬಿಡುತ್ತಾರೆ: ಕ್ಲಾಕ್ ನಿಧಾನಿಸಿದರೂ ಹೋಗದ, ಡೇಟಾ ನಿಧಾನಿಸಿದರೆ ಹೋಗುವ ದೋಷ ಹೋಲ್ಡಿನದೇ.

ಔಷಧಿಯೂ ಆ ಲಕ್ಷಣದಲ್ಲೇ ಇದೆ. ಎರಡನೇ ಫ್ಲಿಪ್-ಫ್ಲಾಪಿನಿಂದ ಮೂರನೆಯದಕ್ಕೆ ಹೋಗುವ ಡೇಟಾ ತಂತಿಯ ನಡುವೆ 74HC04ರ ಎರಡು ಇನ್ವರ್ಟರುಗಳನ್ನು ಒಂದರ ಹಿಂದೊಂದು ಸೇರಿಸಿದರೆ ಸುಮಾರು 14 ನ್ಯಾನೊಸೆಕೆಂಡ್ ಹೆಚ್ಚುವರಿ ತಡ ಸಿಗುತ್ತದೆ. ಈಗ ಹಳೆಯ ಡೇಟಾ 28ರವರೆಗೆ ನಿಲ್ಲುತ್ತದೆ, ಬೇಕಾದದ್ದು 17. ಒಂದೇ ಇನ್ವರ್ಟರ್ ಹಾಕಿದರೆ ಡೇಟಾ ಉಲ್ಟಾ ಆಗುತ್ತದೆಯಾದ್ದರಿಂದ ಜೋಡಿಯಲ್ಲೇ ಹಾಕಬೇಕು. ಹನ್ನೊಂದು ನ್ಯಾನೊಸೆಕೆಂಡ್ ಮಿಗುತಾಯ ಅತಿಯಾಯಿತೇ ಎಂದರೆ ಇಲ್ಲ. ಇಂಥ ಐಸಿಗಳ ಡೇಟಾಶೀಟುಗಳು ವಿಳಂಬದ ಸಾಮಾನ್ಯ ಮೌಲ್ಯವನ್ನೂ ಗರಿಷ್ಠ ಮೌಲ್ಯವನ್ನೂ ಕೊಡುತ್ತವೆಯೇ ಹೊರತು ಕನಿಷ್ಠವನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಹೋಲ್ಡ್ ಲೆಕ್ಕಕ್ಕೆ ಬೇಕಾಗಿರುವುದು ಆ ಕನಿಷ್ಠವೇ. ಮಿಗುತಾಯ ಇಟ್ಟುಕೊಳ್ಳದೆ ಬೇರೆ ದಾರಿಯಿಲ್ಲ. ಕ್ಲಾಕಿಗೆ ಗೇಟ್ ಹಾಕುವುದನ್ನೇ ಬಿಟ್ಟು, ನಿಲ್ಲಿಸುವ ಏರ್ಪಾಟನ್ನು ಡೇಟಾದ ಕಡೆಗೆ ಒಯ್ಯುವುದು ಇದಕ್ಕಿಂತ ಮೇಲು ಎಂದು ಮೇಷ್ಟ್ರುಗಳು ಹೇಳುವುದೂ ನ್ಯಾಯವೇ.

ಚಿಪ್ಪಿನ ಒಳಗೆ ಹೋದರೆ ಗೇಟ್ ಹಾಕದಿದ್ದರೂ ಸ್ಕ್ಯೂ ತಪ್ಪಿದ್ದಲ್ಲ. ಲಕ್ಷಾಂತರ ಫ್ಲಿಪ್-ಫ್ಲಾಪ್‌ಗಳಿಗೆ ಒಂದೇ ತಂತಿಯಿಂದ ಕ್ಲಾಕ್ ಹಂಚಲಾಗದು. ಮರದ ಕೊಂಬೆಗಳ ಹಾಗೆ ಬಫರುಗಳು ಕವಲೊಡೆಯುತ್ತ ಹೋಗುತ್ತವೆ. ಒಂದು ಕೊಂಬೆಯ ತಂತಿ ಉದ್ದ, ಇನ್ನೊಂದರ ಹೊರೆ ಹೆಚ್ಚು, ಮತ್ತೊಂದರ ಟ್ರಾನ್ಸಿಸ್ಟರುಗಳು ತಯಾರಿಕೆಯಲ್ಲೇ ಕೊಂಚ ನಿಧಾನ. ಇದನ್ನು ಹತೋಟಿಯಲ್ಲಿಡಲು ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ 1990ರ ದಶಕದ ಮಧ್ಯದಲ್ಲಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿ ತಂದ ಆಲ್ಫಾ 21164 ಪ್ರೊಸೆಸರ್ ಪಠ್ಯಪುಸ್ತಕ ಸೇರಿದ ಉದಾಹರಣೆ. ಅದರ ವೇಗ 300 ಮೆಗಾಹರ್ಟ್ಸ್, ಅಂದರೆ ಒಂದು ಆವರ್ತಕ್ಕೆ ಸುಮಾರು 3.3 ನ್ಯಾನೊಸೆಕೆಂಡ್. ಅಷ್ಟು ದೊಡ್ಡ ಚಿಪ್ಪಿನಲ್ಲಿ ಸ್ಕ್ಯೂವನ್ನು 90 ಪಿಕೊಸೆಕೆಂಡಿನ ಆಸುಪಾಸಿಗೆ ಇಳಿಸಿದ್ದರು. ಅದಕ್ಕಾಗಿ ಚಿಪ್ ಬಳಸುವ ವಿದ್ಯುತ್ತಿನ ಸುಮಾರು ಶೇಕಡಾ 40ರಷ್ಟು ಕ್ಲಾಕ್ ಹಂಚುವುದಕ್ಕೇ ಹೋಗುತ್ತಿತ್ತು.

ಇಷ್ಟು ಕೇಳಿದರೆ ಸ್ಕ್ಯೂ ಎಂಬುದು ಶುದ್ಧ ಅನಿಷ್ಟ ಎನಿಸಬಹುದು. ಅದು ಹಾಗಿಲ್ಲ.

ಫ್ಲಿಪ್-ಫ್ಲಾಪಿಗೆ ಹೋಲ್ಡ್ ಅಲ್ಲದೆ ಇನ್ನೊಂದು ಷರತ್ತಿದೆ. ಕ್ಲಾಕ್ ಬರುವ ಮುನ್ನವೇ ಡೇಟಾ ಬಂದು ಸ್ವಲ್ಪ ಹೊತ್ತು ನೆಲೆನಿಂತಿರಬೇಕು. ಇದು ಸೆಟಪ್ ಟೈಮ್. ಹೋಲ್ಡಿನ ಪ್ರಶ್ನೆ ಡೇಟಾ ಬೇಗ ಬಂದುಬಿಡುತ್ತದೆಯೇ ಎಂಬುದಾದರೆ, ಸೆಟಪ್ಪಿನದು ತಡವಾಗಿ ಬರುತ್ತದೆಯೇ ಎಂಬುದು. ಹೋಲ್ಡಿನಲ್ಲಿ ಕಳಿಸುವ ಮತ್ತು ಹಿಡಿಯುವ ಫ್ಲಿಪ್-ಫ್ಲಾಪ್‌ಗಳೆರಡೂ ಒಂದೇ ಅಂಚಿನ ಮೇಲೆ ಓಡುತ್ತವೆ. ಸೆಟಪ್ಪಿನಲ್ಲಿ ಒಂದು ಅಂಚಿಗೆ ಹೊರಟ ಡೇಟಾವನ್ನು ಮುಂದಿನ ಅಂಚು ಹಿಡಿಯುತ್ತದೆ, ಆದ್ದರಿಂದ ನಡುವೆ ಒಂದು ಪೂರ್ತಿ ಆವರ್ತದ ಸಮಯ ಇರುತ್ತದೆ. ಹಿಡಿಯುವವನಿಗೆ ಕ್ಲಾಕ್ ತಡವಾಗಿ ಬಂದರೆ ಆ ಸಮಯ ಇನ್ನೂ ಉದ್ದವಾಗುತ್ತದೆ. ಹೋಲ್ಡಿಗೆ ಕೊಡಲಿಯಾದ ಸ್ಕ್ಯೂ ಸೆಟಪ್ಪಿಗೆ ಆಸರೆ.

ಒಂದು ಗಿಗಾಹರ್ಟ್ಸ್ ಚಿಪ್ಪೊಂದನ್ನು ಊಹಿಸಿಕೊಂಡು ಇದನ್ನು ಲೆಕ್ಕ ಹಾಕಬಹುದು. ಆವರ್ತ 1000 ಪಿಕೊಸೆಕೆಂಡ್. ಎ ಎಂಬ ಫ್ಲಿಪ್-ಫ್ಲಾಪಿನಿಂದ ಬಿ ಎಂಬುದಕ್ಕೆ ಡೇಟಾ ಹೋಗಬೇಕು. ಎ ತನ್ನ ಔಟ್‌ಪುಟ್ ಬದಲಿಸಲು 80, ನಡುವಿನ ಲಾಜಿಕ್ಕಿನ ಅತಿ ಉದ್ದದ ದಾರಿಗೆ 900, ಬಿ ಕೇಳುವ ಸೆಟಪ್ 50. ಒಟ್ಟು 1030. ಮೂವತ್ತು ಪಿಕೊಸೆಕೆಂಡ್ ಸಾಲದು. ಈಗ ಬಿಗೆ ಹೋಗುವ ಕ್ಲಾಕಿನ ಕೊಂಬೆಯಲ್ಲಿ ಬೇಕೆಂತಲೇ 60 ಪಿಕೊಸೆಕೆಂಡ್ ತಡ ಹಾಕಿದರೆ ಸಿಗುವ ಸಮಯ 1060. ಕೊರತೆ ಹೋಗಿ ಮೂವತ್ತು ಉಳಿತಾಯ. ಲಾಜಿಕ್ಕಿನ ಒಂದು ಗೇಟನ್ನೂ ಮುಟ್ಟಿಲ್ಲ.

ಈ ಸಮಯ ಆಕಾಶದಿಂದ ಉದುರಿದ್ದಲ್ಲ. ಬಿ ತನ್ನ ಡೇಟಾವನ್ನು ಸಿ ಎಂಬ ಮೂರನೆಯದಕ್ಕೆ ಕಳಿಸಬೇಕಲ್ಲ, ಅದು ಈಗ 60 ತಡವಾಗಿ ಹೊರಡುತ್ತದೆ. ಬಿಯಿಂದ ಸಿಗೆ 80, 700, 50, ಒಟ್ಟು 830 ಸಾಕಾಗುವುದರಿಂದ, ಇರುವ 940ರಲ್ಲಿ ಸುಲಭವಾಗಿ ಮುಗಿಯುತ್ತದೆ. ಆ ದಾರಿಯೂ ಬಿಗಿಯಾಗಿದ್ದರೆ ಸಾಲ ಹುಟ್ಟುತ್ತಿರಲಿಲ್ಲ. ಡೇಟಾ ಸುತ್ತಿ ಬಂದು ಹೊರಟ ಫ್ಲಿಪ್-ಫ್ಲಾಪಿಗೇ ಸೇರುವ ಕುಣಿಕೆಗಳಲ್ಲಂತೂ ಸುತ್ತಿನ ಎಲ್ಲ ಸ್ಕ್ಯೂಗಳನ್ನು ಕೂಡಿದರೆ ಸೊನ್ನೆಯೇ. ಅಲ್ಲಿ ಒಬ್ಬರಿಗೆ ಕೊಟ್ಟಷ್ಟನ್ನು ಇನ್ನೊಬ್ಬರಿಂದ ಕಿತ್ತುಕೊಳ್ಳಲೇಬೇಕು. ಯಾವ ಫ್ಲಿಪ್-ಫ್ಲಾಪಿನ ಕ್ಲಾಕನ್ನು ಎಷ್ಟು ಸರಿಸಿದರೆ ಇಡೀ ಸರ್ಕ್ಯೂಟಿನ ವೇಗ ಹೆಚ್ಚುತ್ತದೆ ಎಂಬುದನ್ನು ಒಂದು ಗಣಿತದ ಸಮಸ್ಯೆಯಾಗಿ ಕಟ್ಟಿ ಬಿಡಿಸಬಹುದೆಂದು ಜಾನ್ ಫಿಶ್‌ಬರ್ನ್ 1990ರ ಪ್ರಬಂಧವೊಂದರಲ್ಲಿ ತೋರಿಸಿದರು. ಇಂದಿನ ವಿನ್ಯಾಸದ ಸಾಫ್ಟ್‌ವೇರುಗಳಲ್ಲಿ ಯೂಸ್‌ಫುಲ್ ಸ್ಕ್ಯೂ ಎಂಬ ಹೆಸರಿನಲ್ಲಿ ಆ ವಿದ್ಯೆ ನಡೆಯುತ್ತಿದೆ.

ನಮ್ಮ ಉದಾಹರಣೆಯಲ್ಲಿ ಬಿಗೆ ಕೊಟ್ಟ 60 ಪಿಕೊಸೆಕೆಂಡಿನ ಇನ್ನೊಂದು ಬೆಲೆ ಇನ್ನೂ ಬಾಕಿಯಿದೆ. ಎಯಿಂದ ಬಿಗೆ ಇರುವುದು ಆ 900ರ ದಾರಿಯೊಂದೇ ಅಲ್ಲ. ಅದೇ ಲಾಜಿಕ್ಕಿನಲ್ಲಿ ಒಂದೇ ಗೇಟ್ ದಾಟಿ ನುಸುಳುವ ಅಡ್ಡದಾರಿಯೂ ಇದೆ ಎನ್ನಿ. ಚಿಪ್ ಅತಿ ಚುರುಕಾಗಿರುವ ಸ್ಥಿತಿಯಲ್ಲಿ ಎಯ ಔಟ್‌ಪುಟ್ 50ಕ್ಕೆ ಬದಲಾಗಿ, ಅಡ್ಡದಾರಿಯ 20 ಸೇರಿ, 70ನೇ ಪಿಕೊಸೆಕೆಂಡಿಗೇ ಹೊಸ ಡೇಟಾ ಬಿಯನ್ನು ತಲುಪುತ್ತದೆ. ಬಿ ಕೇಳುವ ಹೋಲ್ಡ್ 25. ಸ್ಕ್ಯೂ ಇಲ್ಲದಿದ್ದಾಗ ಚಿಂತೆಯೇ ಇರಲಿಲ್ಲ. ಈಗ 60 ಕೂಡಿಸು 25, ಅಂದರೆ 85ರವರೆಗೆ ಹಳೆಯದು ನಿಲ್ಲಬೇಕು. ಎಲ್ಲ ದಾರಿಗಳ ಸಮಯವನ್ನೂ ಕೂಡಿ ಕಳೆದು ನೋಡುವ ಸ್ಟ್ಯಾಟಿಕ್ ಟೈಮಿಂಗ್ ಅನಾಲಿಸಿಸ್ ಸಾಫ್ಟ್‌ವೇರು ಇದನ್ನು ನ್ಯಾನೊಸೆಕೆಂಡಿನ ಲೆಕ್ಕದಲ್ಲಿ ಹೀಗೆ ಮುದ್ರಿಸುತ್ತದೆ:

```
data arrival time      0.070
data required time     0.085
slack (VIOLATED)      -0.015
```

ಒಂದು ದೋಷ ಕಳೆಯಲು ಹಾಕಿದ ಸ್ಕ್ಯೂ ಇನ್ನೊಂದು ದೋಷ ಹುಟ್ಟಿಸಿದೆ. ಸೆಟಪ್ ತಪ್ಪಿದ ಚಿಪ್ಪನ್ನು ಕಡಿಮೆ ವೇಗದ್ದೆಂದು ಅಗ್ಗಕ್ಕೆ ಮಾರಿಯಾದರೂ ಬಿಡಬಹುದು, ಕ್ಲಾಕ್ ಇಳಿಸಿದರೆ ಅದು ಕೆಲಸ ಮಾಡುತ್ತದೆ. ಹೋಲ್ಡ್ ತಪ್ಪಿದ್ದಕ್ಕೆ ಆ ಅನುಕೂಲವಿಲ್ಲ. ಆದ್ದರಿಂದ ಹದಿನೈದೇ ಪಿಕೊಸೆಕೆಂಡ್ ಆದರೂ ಚಿಪ್ಪನ್ನು ಕಾರ್ಖಾನೆಗೆ ಕಳಿಸುವ ಮುನ್ನ ಅದು ಹೋಗಲೇಬೇಕು.

ಹೋಗಿಸುವ ಉಪಾಯ ಲ್ಯಾಬಿನದ್ದೇ: ಡೇಟಾದ ದಾರಿಗೆ ಬಫರ್ ಸೇರಿಸಿ ತಡಮಾಡುವುದು. ಚುರುಕು ಸ್ಥಿತಿಯಲ್ಲಿ 25 ಪಿಕೊಸೆಕೆಂಡ್ ತಡಕೊಡುವ ಒಂದು ಬಫರ್ ಹಾಕಿದರೆ ಡೇಟಾ 95ಕ್ಕೆ ಬರುತ್ತದೆ, ಬೇಕಾದದ್ದು 85, ಹತ್ತು ಉಳಿಯಿತು. ಎಲ್ಲಿ ಹಾಕಬೇಕು ಎನ್ನುವಲ್ಲಿ ಮಾತ್ರ ಕೈಚಳಕ ಬೇಕು. ಒಂದೇ ಬಫರ್ ಚಿಪ್ ಬಿಸಿಯಾಗಿ, ವೋಲ್ಟೇಜ್ ಕುಗ್ಗಿ, ಟ್ರಾನ್ಸಿಸ್ಟರುಗಳು ಮಂದವಾಗಿರುವ ಸ್ಥಿತಿಯಲ್ಲಿ 25ರ ಬದಲು 60 ತೆಗೆದುಕೊಳ್ಳಬಹುದು. ಅದನ್ನು ಬಿಯ ಬಾಗಿಲಿನಲ್ಲೇ ಹಾಕಿದರೆ ಉದ್ದದ ದಾರಿಯೂ ಅದರ ಮೂಲಕವೇ ಹಾಯಬೇಕು. ಅಲ್ಲಿ ಉಳಿದಿದ್ದದ್ದು ಮೂವತ್ತು, ಖರ್ಚು ಅರವತ್ತು; ಕಷ್ಟಪಟ್ಟು ಗೆದ್ದ ಸೆಟಪ್ ಮತ್ತೆ ಮೂವತ್ತು ಪಿಕೊಸೆಕೆಂಡ್ ಸೋಲುತ್ತದೆ. ಅದೇ ಬಫರನ್ನು ಅಡ್ಡದಾರಿ ಉದ್ದದ ದಾರಿಯನ್ನು ಕೂಡಿಕೊಳ್ಳುವ ಮೊದಲು, ಆ ಕವಲಿನ ಮೇಲಷ್ಟೇ ಇಟ್ಟರೆ ಉದ್ದದ ದಾರಿಗೆ ಅದು ಇರುವುದೇ ಗೊತ್ತಾಗದು. ಹೋಲ್ಡನ್ನು ಚುರುಕು ಸ್ಥಿತಿಯಲ್ಲಿ, ಸೆಟಪ್ಪನ್ನು ಮಂದ ಸ್ಥಿತಿಯಲ್ಲಿ, ಪ್ರತಿ ಬಫರ್ ಹಾಕಿದ ಮೇಲೂ ಎರಡನ್ನೂ ಮತ್ತೆ ನೋಡುವುದು ಇದಕ್ಕಾಗಿಯೇ. ಬರಿಯ ತರ್ಕವನ್ನು ಪರೀಕ್ಷಿಸುವ, ವಿಳಂಬವನ್ನು ಲೆಕ್ಕಿಸದ ಸಿಮ್ಯುಲೇಶನ್ನಿನಲ್ಲಿ ಇದ್ಯಾವುದೂ ಕಾಣಿಸುವುದಿಲ್ಲ.

ಬೆಂಗಳೂರಿನ ಚಿಪ್ ವಿನ್ಯಾಸದ ಕಚೇರಿಗಳಲ್ಲಿ ಹೋಲ್ಡ್ ಫಿಕ್ಸಿಂಗ್ ಎಂಬುದು ಫಿಸಿಕಲ್ ಡಿಸೈನ್ ಮಾಡುವವರಿಗೆ ಕೊನೆಯ ವಾರಗಳ ಪರಿಚಿತ ಗೋಳು. ಕೊನೆಗೇ ಬರಲು ಕಾರಣವಿದೆ. ಕ್ಲಾಕಿನ ಮರ ಕಟ್ಟುವ ತನಕ ನಿಜವಾದ ಸ್ಕ್ಯೂ ಎಷ್ಟೆಂದು ತಿಳಿಯದು, ಅದಕ್ಕೆ ಮೊದಲೇ ಬಫರ್ ತುಂಬಿದರೆ ಬೇಡದ ಕಡೆ ತುಂಬಿದಂತಾಗುತ್ತದೆ. ದೊಡ್ಡ ಚಿಪ್ಪುಗಳಲ್ಲಿ ಹೀಗೆ ಸೇರುವ ಬಫರುಗಳ ಸಂಖ್ಯೆ ಸಾವಿರಗಳನ್ನು ದಾಟುತ್ತದೆ. ಪ್ರತಿಯೊಂದಕ್ಕೂ ಜಾಗ ಬೇಕು, ಪ್ರತಿಯೊಂದೂ ವಿದ್ಯುತ್ ತಿನ್ನುತ್ತದೆ, ಜಾಗ ಮಾಡಲು ಪಕ್ಕದ ಗೇಟುಗಳನ್ನು ಸರಿಸಿದರೆ ಅವುಗಳ ತಂತಿಗಳ ವಿಳಂಬವೂ ಬದಲಾಗುತ್ತದೆ. ಮಿಗುತಾಯವನ್ನು ಧಾರಾಳವಾಗಿ ಇಟ್ಟುಕೊಳ್ಳುವ ಆಸೆ ಇಲ್ಲಿ ದುಬಾರಿ.

ಎಲ್ಲಕ್ಕಿಂತ ಹೆಚ್ಚು ಹೋಲ್ಡ್ ದೋಷ ಸಿಗುವುದು ಸ್ಕ್ಯಾನ್ ಚೈನಿನಲ್ಲಿ. ತಯಾರಾದ ಚಿಪ್ಪನ್ನು ಪರೀಕ್ಷಿಸಲೆಂದು ಅದರ ಫ್ಲಿಪ್-ಫ್ಲಾಪ್‌ಗಳನ್ನೆಲ್ಲ ಉದ್ದನೆಯ ಶಿಫ್ಟ್ ರಿಜಿಸ್ಟರುಗಳಾಗಿ ಪೋಣಿಸಿರುತ್ತಾರೆ. ಒಂದರಿಂದ ಇನ್ನೊಂದಕ್ಕೆ ನಡುವೆ ಲಾಜಿಕ್ಕೇ ಇಲ್ಲ, ತಡಮಾಡುವಂಥದ್ದು ತಂತಿಯೊಂದೇ. ಅದರಲ್ಲೂ ಸರಪಣಿ ಕ್ಲಾಕಿನ ಒಂದು ಕೊಂಬೆಯಿಂದ ತೀರ ಬೇರೆ ಕೊಂಬೆಗೆ ಹಾರುವ ಕಡೆ ಸ್ಕ್ಯೂ ಎಷ್ಟೆಂದು ಎಲ್ಲ ಸ್ಥಿತಿಗಳಿಗೂ ಖಚಿತವಾಗಿ ಹೇಳುವುದು ಕಷ್ಟ. ಅಂಥಲ್ಲಿ ಬಫರುಗಳ ಸಾಲು ಹಾಕುವ ಬದಲು ಲಾಕಪ್ ಲ್ಯಾಚ್ ಎಂಬ ಒಂದೇ ಲ್ಯಾಚನ್ನು ಇಡುತ್ತಾರೆ. ಕಳಿಸುವವನ ಕ್ಲಾಕ್ ಮೇಲಿರುವಷ್ಟು ಹೊತ್ತು ಅದು ಬಾಗಿಲು ಮುಚ್ಚಿ ಹಳೆಯ ಡೇಟಾವನ್ನೇ ತೋರಿಸುತ್ತದೆ, ಕ್ಲಾಕ್ ಕೆಳಗಿಳಿದ ಮೇಲಷ್ಟೇ ಹೊಸದನ್ನು ಬಿಡುತ್ತದೆ. ಹೀಗೆ ಸಿಗುವ ತಡ ಹೆಚ್ಚುಕಡಿಮೆ ಅರ್ಧ ಆವರ್ತ. ಇಲ್ಲಿ ಮಾತ್ರ ಕ್ಲಾಕ್ ನಿಧಾನಿಸಿದರೆ ಹೋಲ್ಡಿಗೂ ಲಾಭ, ಏಕೆಂದರೆ ಅರ್ಧ ಆವರ್ತವೂ ಅಷ್ಟೇ ಹಿಗ್ಗುತ್ತದೆ. ಸೆಟಪ್ಪಿಗೆ ಉಳಿಯುವುದು ಇನ್ನರ್ಧ. ಸ್ಕ್ಯಾನ್ ಮೂಲಕ ಡೇಟಾ ತಳ್ಳುವುದು ಚಿಪ್ಪಿನ ನಿಜವಾದ ವೇಗಕ್ಕಿಂತ ಬಹಳ ನಿಧಾನವಾಗಿ ಆದ್ದರಿಂದ ಅಷ್ಟು ಧಾರಾಳವಾಗಿ ಸಾಕಾಗುತ್ತದೆ.